ಗಂಡಮೂಲ: ಶಾಸ್ತ್ರ ಎಷ್ಟು, ಭಯ ಎಷ್ಟು?

ಸೈಬರ್‌ಜಯಾದ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಹುಟ್ಟಿ ಹನ್ನೆರಡು ದಿನ ಆಯ್ತು. ಮೂಲಾ ನಕ್ಷತ್ರ ಅಂತೆ, ಮುಂದೆ ಇವಳನ್ನ ಯಾರು ಮಾಡ್ಕೋತಾರೆ ಅಂತ ಊರಿಂದ ಅಮ್ಮ ಫೋನಲ್ಲಿ ಅಳ್ತಾರೆ. ಆಫೀಸಿನ ಉತ್ತರ ಭಾರತದ ಗೆಳೆಯ ಇದಕ್ಕೆ ಗಂಡಮೂಲ ಅಂತಾರೆ ಅಂದ. ಹಾಗಂದ್ರೆ ಗಂಡನಿಗೇ ಕಂಟಕವಾ?"

ಮೊದಲು ಆ ಪದದ ಗಾಬರಿ ಬಿಡಿಸೋಣ. ಇಲ್ಲಿರುವ 'ಗಂಡ' ನಮ್ಮ ಕನ್ನಡದ ಗಂಡ ಅಲ್ಲ. ಅದು ಸಂಸ್ಕೃತದ ಪದ, ಗಂಟು ಅಥವಾ ಸಂದು ಅಂತ ಅರ್ಥ. ರಾಶಿಯೂ ನಕ್ಷತ್ರವೂ ಒಟ್ಟಿಗೇ ಮುಗಿದು ಹೊಸದು ಶುರುವಾಗುವ ಸಂದು ಮೂರಿವೆ: ರೇವತಿ–ಅಶ್ವಿನಿ, ಆಶ್ಲೇಷಾ–ಮಘಾ, ಜ್ಯೇಷ್ಠಾ–ಮೂಲಾ. ಈ ಆರನ್ನು ಅವರು ಗಂಡಮೂಲ ಅಂತಾರೆ. 27 ನಕ್ಷತ್ರಗಳಲ್ಲಿ ಆರು ಅಂದ್ರೆ ಐದು ಮಕ್ಕಳಲ್ಲಿ ಒಂದಕ್ಕಿಂತ ಹೆಚ್ಚು ಮಗು ಇದರಲ್ಲೇ ಹುಟ್ಟುತ್ತೆ. ನಿಮ್ಮ ಮನೆಯಲ್ಲೇ ಹುಡುಕಿ ನೋಡಿ, ಯಾರಾದರೂ ಸಿಕ್ಕೇ ಸಿಗ್ತಾರೆ.

ಮದುವೆಯ ಭಯದ ಪಟ್ಟಿ ಬೇರೆ. ಕಾಶಿಯಲ್ಲಿ 1600ರ ಸುಮಾರಿಗೆ ರಾಮ ದೈವಜ್ಞ ಬರೆದ 'ಮುಹೂರ್ತ ಚಿಂತಾಮಣಿ'ಯ ವಿವಾಹ ಪ್ರಕರಣದಲ್ಲಿ ಅದು ಇದೆ. ಮೂಲಾ ಮಾವನಿಗೆ, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಗಂಡನ ಅಣ್ಣನಿಗೆ, ವಿಶಾಖಾ ಮೈದುನನಿಗೆ ಆಗಿಬರಲ್ಲ ಅಂತ. ನಾಲ್ಕರಲ್ಲೂ ಗಂಡನ ಹೆಸರಿಲ್ಲ. ಮೂಲಾ, ಆಶ್ಲೇಷಾ ವಿಷಯದಲ್ಲಿ ಆ ಗ್ರಂಥ ಹುಡುಗಿ, ಹುಡುಗ ಇಬ್ಬರನ್ನೂ ಸೇರಿಸಿ ಹೇಳುತ್ತೆ. ಅಂದ್ರೆ ಮೂಲಾದ ಹುಡುಗ ಕೂಡ ತನ್ನ ಮಾವನಿಗೆ ಕಂಟಕ ಆಗಬೇಕು! ಆದರೆ ಹೆಣ್ಣಿನ ಕಡೆಯವರು ಹಾಗಂತ ಗಂಡು ಬಿಟ್ಟಿದ್ದನ್ನ ನಾನು ಕೇಳಿಲ್ಲ. ಇಲ್ಲಿಯ ತಮಿಳು ನೆರೆಹೊರೆಯಲ್ಲಂತೂ ಗಂಡು ಮೂಲಾ ಆದರೆ ರಾಜ್ಯ ಆಳ್ತಾನೆ, ಹೆಣ್ಣು ಮೂಲಾ ಆದರೆ ಮನೆ ನಿರ್ಮೂಲ ಅನ್ನೋ ಗಾದೆ ಓಡಾಡುತ್ತೆ. ಗಾದೆಯೇ ಒಂದು ಹೇಳುತ್ತೆ, ಗ್ರಂಥವೇ ಒಂದು ಹೇಳುತ್ತೆ.

ಅದೇ ಗ್ರಂಥ ರಿಯಾಯಿತಿಯನ್ನೂ ಕೊಟ್ಟಿದೆ. ಮೂಲಾದ ನಾಲ್ಕನೇ ಪಾದ, ಆಶ್ಲೇಷಾದ ಮೊದಲ ಪಾದ, ವಿಶಾಖಾದ ಮೊದಲ ಮೂರು ಪಾದಗಳಿಗೆ ಈ ದೋಷ ಇಲ್ಲ. ಹಾಗಾಗಿ ಯಾರಾದರೂ "ಮೂಲಾ, ಬೇಡ" ಅಂದರೆ "ಎಷ್ಟನೇ ಪಾದ?" ಅಂತ ಕೇಳಿ. ಒಂದು ನಕ್ಷತ್ರ ಹೆಚ್ಚು ಕಡಿಮೆ 24 ಗಂಟೆ ಇರುತ್ತೆ, ಪಾದ ಸುಮಾರು ಆರು ಗಂಟೆ.

ಪರದೇಶದಲ್ಲಿರೋ ನಮಗೆ ಎಡವಟ್ಟಾಗೋದು ಇಲ್ಲೇ. ಮಲೇಷ್ಯಾ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಪತ್ರ ಬರೆದವರ ಮಗಳು ಹುಟ್ಟಿದ್ದು ಇಲ್ಲಿಯ ರಾತ್ರಿ 1.10ಕ್ಕೆ. ಮನೆಯವರು ನೋಡಿದ ಪಂಚಾಂಗದಲ್ಲಿ ಜ್ಯೇಷ್ಠಾ ಹಿಂದಿನ ರಾತ್ರಿ 11.20ರವರೆಗೆ ಅಂತಿತ್ತು. 1.10 ಅದಾದ ಮೇಲೆ ಬಂತಲ್ಲ, ಮೂಲಾ ಒಂದನೇ ಪಾದ ಅಂತ ಬರೆದುಬಿಟ್ಟರು. ಪಂಚಾಂಗದ ಹೊತ್ತು ಭಾರತದ್ದು. 1.10ರಲ್ಲಿ ಎರಡೂವರೆ ಗಂಟೆ ಕಳೆದರೆ ಹಿಂದಿನ ರಾತ್ರಿ 10.40. ಮಗು ಹುಟ್ಟಿದ್ದು ಜ್ಯೇಷ್ಠಾ ನಾಲ್ಕನೇ ಪಾದದಲ್ಲಿ.

ಇದರಿಂದ ಅಜ್ಜಿಯ ಚಿಂತೆ ಪೂರ್ತಿ ಹೋಗಲ್ಲ, ನಿಜ. ಸಂದಿನಲ್ಲೇ ಹುಟ್ಟಿದೆ. ಆದರೆ ಮಾವನ ಮಾತು ಬಿದ್ದುಹೋಯ್ತು. ಉಳಿದಿದ್ದು ಗಂಡನ ಅಣ್ಣನ ಮಾತು, ಹುಡುಗ ಮನೆಗೆ ಹಿರಿಮಗನಾದರೆ ಅದೂ ಇಲ್ಲ. ಇನ್ನೊಂದು ವಿಷಯ: ದೃಗ್ಗಣಿತದ ಪಂಚಾಂಗಕ್ಕೂ ಹಳೇ ಸಿದ್ಧಾಂತದ ಪಂಚಾಂಗಕ್ಕೂ ನಕ್ಷತ್ರ ಮುಗಿಯುವ ಹೊತ್ತು ಒಂದೇ ಬರಲ್ಲ. ಗಡಿಗೆ 40 ನಿಮಿಷ ಹತ್ತಿರ ಇರೋ ಈ ಮಗುವಿಗೆ ಒಂದರಲ್ಲಿ ಜ್ಯೇಷ್ಠಾ, ಇನ್ನೊಂದರಲ್ಲಿ ಮೂಲಾ ಬರಬಹುದು. ಇಷ್ಟು ತೆಳುವಾದ ಗೆರೆ ನೋಡಿಕೊಂಡು ಯಾರದೋ ಆಯಸ್ಸು ಹೇಳೋದನ್ನ ನಾನಂತೂ ಒಪ್ಪಲ್ಲ. ದಸರೆಯಲ್ಲಿ ನಾವು ಸರಸ್ವತಿಯನ್ನ ಆವಾಹನೆ ಮಾಡೋದೂ ಇದೇ ಮೂಲಾ ನಕ್ಷತ್ರದಲ್ಲಿ.

ಮನೆಯವರಿಗೆ ಸಮಾಧಾನ ಬೇಕಿದ್ದರೆ ಶಾಂತಿ ಮಾಡಿಸಿ. ಸುಮಾರು 27 ದಿನಕ್ಕೆ ಅದೇ ನಕ್ಷತ್ರ ಮತ್ತೆ ಬಂದಾಗ ಮಾಡೋದು ರೂಢಿ. ಆ ದಿನ ತಪ್ಪಿದರೆ ಮುಂದೆ ರಜೆಗೆ ಊರಿಗೆ ಹೋದಾಗ ಆ ನಕ್ಷತ್ರದ ದಿನ ನೋಡಿ ಮಾಡಿಸಿದರಾಯ್ತು. ಇಷ್ಟು ಸಾವಿರ ರಿಂಗಿಟ್ ಕಳಿಸಿ, ಇಲ್ಲಾಂದ್ರೆ ಅನಾಹುತ ಅಂತ ಹೆದರಿಸೋರಿಗೆ ಮಾತ್ರ ಕಳಿಸಬೇಡಿ. ಶಾಂತಿ ಆಗೋವರೆಗೆ ಅಪ್ಪ ಮಗುವಿನ ಮುಖ ನೋಡಬಾರದು ಅಂತ ಕೆಲವು ಕಡೆ ತಡೀತಾರೆ. ಜ್ವರ ಬಂದ ಮಗುವನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗೋ ಅಪ್ಪನಿಗೆ ಅದು ಆಗೋ ಮಾತಲ್ಲ.

ದೊಡ್ಡ ಹೆಣ್ಣುಮಕ್ಕಳಿರೋರಿಗೆ ಒಂದು ಮಾತು. ಸಂಬಂಧ ತಪ್ಪೀತು ಅಂತ ಜಾತಕದಲ್ಲಿ ಮೂಲಾ ಬದಲು ಪೂರ್ವಾಷಾಢಾ ಬರೆಸೋರಿದ್ದಾರೆ, ಬೇಡ. ಮದುವೆಯಾದ ಮೇಲೆ ಮಾವನಿಗೆ ಸಕ್ಕರೆ ಕಾಯಿಲೆ ಹೆಚ್ಚಾದರೂ ಸಾಕು, ಆ ಸುಳ್ಳು ಹೊರಬಂದು ಎಲ್ಲಾ ಅವಳ ತಲೆ ಮೇಲೆ ಬೀಳುತ್ತೆ. ಮೊದಲ ಮಾತುಕತೆಯಲ್ಲೇ ನಕ್ಷತ್ರ, ಪಾದ ಎರಡೂ ಹೇಳಿ. ಹುಡುಗನ ಅಪ್ಪ, ಅಮ್ಮ ಇಬ್ಬರ ಬಾಯಿಂದಲೂ "ನಮಗೆ ಅಡ್ಡಿಯಿಲ್ಲ" ಅಂತ ಬರಬೇಕು. ಹುಡುಗ ಒಬ್ಬನೇ ಒಪ್ಪಿ, ಅತ್ತೆ ಒಳಗೊಳಗೇ ಹೆದರುತ್ತಿದ್ದರೆ ಆ ಸಂಬಂಧ ಬಿಡೋದೇ ಒಳ್ಳೇದು.

ಮಗು ಹುಟ್ಟಿದ ಹೊತ್ತನ್ನ ಊರಿಗೆ ತಿಳಿಸುವಾಗ "ಮಲೇಷ್ಯಾ ಸಮಯ" ಅಂತ ಸೇರಿಸಿ, ಭಾರತದ ಸಮಯ, ತಾರೀಕು ಎರಡನ್ನೂ ಕೆಳಗೆ ಬರೆದು ಕಳಿಸಿ.