ತೋರಿಸದ ಆದಾಯದ ಬೆಲೆ

ಚಿಕ್ಕೋಡಿಯಿಂದ ಕಾಗವಾಡದವರೆಗಿನ ಐದು ತಾಲೂಕುಗಳಲ್ಲಿ ತಿಂಗಳ ಸಂಬಳ ಎಣಿಸುವವರಿಗಿಂತ ಸ್ವಂತ ದುಡಿಮೆ ನೆಚ್ಚಿಕೊಂಡವರೇ ಹೆಚ್ಚು. ನಿಪ್ಪಾಣಿಯ ತಂಬಾಕು ವ್ಯಾಪಾರಿ, ಅಥಣಿಯ ಚಪ್ಪಲಿ ತಯಾರಕ, ಕಾಗವಾಡದ ಕಡೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಮಾಲೀಕ, ರಾಯಬಾಗದ ಪೇಟೆಯಲ್ಲಿ ಪೈಪು-ಪಂಪ್‌ಸೆಟ್ ಅಂಗಡಿ ಇಟ್ಟವ, ಇವರಲ್ಲಿ ಎಷ್ಟೋ ಮಂದಿ ಅದೇ ಊರಿನ ಗುಮಾಸ್ತನಿಗಿಂತ ಚೆನ್ನಾಗಿ ಗಳಿಸುತ್ತಾರೆ. ಆದರೂ ಮನೆ ಸಾಲ ಕೇಳಲು ಬ್ಯಾಂಕಿಗೆ ಹೋದರೆ ಗುಮಾಸ್ತನ ಕಡತ ಸಂಬಳದ ಚೀಟಿಯೊಂದಿಗೆ ಮುಂದೆ ಸಾಗುತ್ತದೆ, ಇವರ ಕಡತ ನಿಲ್ಲುತ್ತದೆ. ಬ್ಯಾಂಕು ಇವರಿಂದ ಕೇಳುವುದು ಮುಖ್ಯವಾಗಿ ಎರಡು ಕಾಗದ: ಎರಡು-ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್, ಮತ್ತು ಆರು ತಿಂಗಳು ಇಲ್ಲವೇ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್. ಸಾಲ ಸಿಗದಿದ್ದಾಗ ಬೈಗುಳ ಬ್ಯಾಂಕಿಗೆ ಬೀಳುತ್ತದೆ. ತಪ್ಪಿನಲ್ಲಿ ಬ್ಯಾಂಕಿಗೂ ಪಾಲಿದೆ, ಅದನ್ನು ಮುಂದೆ ನೋಡೋಣ. ಆದರೆ ದೊಡ್ಡ ಪಾಲು ನಮ್ಮ ಪೇಟೆಗಳಲ್ಲಿ ಬೇರೂರಿರುವ ಒಂದು ರೂಢಿಯದು. ಗಳಿಸಿದ್ದಕ್ಕಿಂತ ಕಡಿಮೆ ಆದಾಯ ತೋರಿಸಿದರೆ ಜಾಣತನ ಎಂಬುದು ಆ ರೂಢಿ. ಸಣ್ಣ ವ್ಯಾಪಾರಿಯ ಮಟ್ಟಿಗೆ ಆ ಜಾಣತನದಿಂದ ಇವತ್ತು ಉಳಿಯುವುದು ಏನೂ ಇಲ್ಲ, ಕಳೆಯುವುದು ಮಾತ್ರ ಬಹಳ ಎಂಬುದು ನನ್ನ ವಾದ.

ರೂಢಿ ಹುಟ್ಟಿದ್ದಕ್ಕೆ ಕಾರಣವಿತ್ತು. ಎರಡೂವರೆ ಲಕ್ಷ ದಾಟಿದರೆ ತೆರಿಗೆಯ ಲೆಕ್ಕ ಶುರುವಾಗುತ್ತಿದ್ದ ಕಾಲದಲ್ಲಿ ಅದರೊಳಗೆ, ಆಮೇಲೆ ರಿಯಾಯಿತಿ ಬಂದಾಗ ಐದು ಲಕ್ಷದೊಳಗೆ ಆದಾಯ ಕೂರಿಸುವುದನ್ನು ವ್ಯಾಪಾರಿಯೂ ಅವನ ರಿಟರ್ನ್ ತುಂಬುವವನೂ ಕಲಿತರು. ಇದಕ್ಕೆ 1961ರ ಕಾಯ್ದೆಯ 44ಎಡಿ ಕಲಮು ಅನುಕೂಲವಾಗಿ ಒದಗಿತು. ವಹಿವಾಟು ಎರಡು ಕೋಟಿಯೊಳಗಿದ್ದರೆ ಪುಸ್ತಕ ಇಡಬೇಕಿಲ್ಲ. ನಗದು ವಹಿವಾಟಿನ ಶೇ 8, ಬ್ಯಾಂಕಿನ ಮೂಲಕ ಬಂದದ್ದರ ಶೇ 6 ಲಾಭವೆಂದು ಒಪ್ಪಿಕೊಂಡು ಐಟಿಆರ್-4 ತುಂಬಿದರೆ ಮುಗಿಯಿತು. ಕಾಯ್ದೆ ಬದಲಾದರೂ ಈ ಏರ್ಪಾಡು ಮುಂದುವರಿದಿದೆ. ಆದರೆ ಕಲಮಿನ ಅರ್ಧವನ್ನು ಮಾತ್ರ ನಮ್ಮ ಪೇಟೆ ಓದಿಕೊಂಡಿದೆ. ಶೇ 8 ಎಂಬುದು ಕನಿಷ್ಠ ಮಿತಿ. ಹೆಚ್ಚು ಗಳಿಸಿದವನು ಹೆಚ್ಚೇ ತೋರಿಸಬೇಕು ಎಂದೂ ಅದೇ ಕಲಮು ಹೇಳುತ್ತದೆ. ನೆಲವನ್ನೇ ಛಾವಣಿ ಎಂದುಕೊಂಡ ಪರಿಣಾಮ ಮನೆ ಕಟ್ಟುವಾಗ ಕಾಣುತ್ತದೆ.

ರಾಯಬಾಗದ ಆ ಪಂಪ್‌ಸೆಟ್ ಅಂಗಡಿಯವನನ್ನೇ ಲೆಕ್ಕಕ್ಕೆ ಊಹಿಸಿಕೊಳ್ಳೋಣ. ವರ್ಷದ ವಹಿವಾಟು 36 ಲಕ್ಷ. ಬಾಡಿಗೆ, ಆಳಿನ ಪಗಾರ, ಕರೆಂಟು ಎಲ್ಲ ಕಳೆದು ಕೈಗೆ ಉಳಿಯುವುದು 6.48 ಲಕ್ಷ. ರೂಢಿಯಂತೆ ಅವನು ಶೇ 8ರ ಲೆಕ್ಕದಲ್ಲಿ 2.88 ಲಕ್ಷ ತೋರಿಸಿದ್ದಾನೆ. ಬ್ಯಾಂಕು ಇದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 24,000 ಎಂದು ಬರೆದುಕೊಳ್ಳುತ್ತದೆ. ಅದರಲ್ಲಿ ಎಲ್ಲ ಕಂತುಗಳಿಗೂ ಸೇರಿ ಸುಮಾರು ಶೇ 45 ಹೋಗಬಹುದು ಎಂದು ಇಟ್ಟುಕೊಂಡರೆ (ಈ ಪ್ರಮಾಣ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ) 10,800 ರೂಪಾಯಿ. ಬೈಕಿನ ಸಾಲಕ್ಕೆ 3,000 ಈಗಾಗಲೇ ಹೋಗುತ್ತಿದ್ದರೆ ಉಳಿಯುವುದು 7,800. ಶೇ 9ರ ಬಡ್ಡಿ, ಇಪ್ಪತ್ತು ವರ್ಷದ ಅವಧಿಗೆ ಒಂದು ಲಕ್ಷಕ್ಕೆ ಕಂತು ಸುಮಾರು 900 ರೂಪಾಯಿ. ಅಂದರೆ ಅವನಿಗೆ ಸಿಗುವ ಸಾಲ ಎಂಟೂವರೆ ಲಕ್ಷದ ಆಸುಪಾಸು. ಇದ್ದದ್ದನ್ನು ಇದ್ದಂತೆ ತೋರಿಸಿದ್ದರೆ ತಿಂಗಳ ಆದಾಯ 54,000, ಕಂತಿಗೆ 24,300, ಬೈಕಿನದು ಕಳೆದು 21,300, ಸಾಲ ಇಪ್ಪತ್ತಮೂರೂವರೆ ಲಕ್ಷಕ್ಕೂ ಮೇಲೆ. 25 ಲಕ್ಷದ ಮನೆಗೆ ಶೇ 90ರವರೆಗೆ ಸಾಲ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ, ಅಂದರೆ ಇಪ್ಪತ್ತೆರಡೂವರೆ ಲಕ್ಷ. ಮನೆ ಆಗಿಯೇ ಹೋಗುತ್ತಿತ್ತು. ಇನ್ನು ಹೀಗೆ ಮುಚ್ಚಿಟ್ಟು ಅವನು ಉಳಿಸಿದ ತೆರಿಗೆ ಎಷ್ಟು? 2023-24ರಿಂದ ಹೊಸ ಪದ್ಧತಿಯಲ್ಲಿ ಏಳು ಲಕ್ಷದವರೆಗೆ, 2025-26ರಿಂದ ಹನ್ನೆರಡು ಲಕ್ಷದವರೆಗೆ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ಅವನು ಉಳಿಸಿದ್ದೂ ಸೊನ್ನೆ.

ಇಲ್ಲಿಗೆ ಒಬ್ಬ ಜಾಣ ಓದುಗ ಕೇಳಬಹುದು: ತೆರಿಗೆಯೇ ಇಲ್ಲದ ಮೇಲೆ ಹನ್ನೊಂದು ಲಕ್ಷ ಗಳಿಸಿದ್ದೇನೆ ಎಂದು ಬರೆದುಕೊಟ್ಟರೆ ಇನ್ನೂ ದೊಡ್ಡ ಸಾಲ ಸಿಗುವುದಿಲ್ಲವೇ? ಹಾಗೆ ಬರೆದುಕೊಡುವ ಏಜೆಂಟರೂ ಇದ್ದಾರೆ. ಎರಡನೆಯ ಕಾಗದ ಬೇಕಾಗುವುದು ಈ ಕಾರಣಕ್ಕೇ. ರಿಟರ್ನ್ ಎಂಬುದು ಸಾಲಗಾರನ ಹೇಳಿಕೆ, ಸ್ಟೇಟ್‌ಮೆಂಟ್ ಅದಕ್ಕೆ ಸಾಕ್ಷಿ. ಬ್ಯಾಂಕಿನವರು ಸ್ಟೇಟ್‌ಮೆಂಟಿನ ಕೊನೆಯ ಮೊತ್ತ ನೋಡಿ ಬಿಡುವುದಿಲ್ಲ. ತಿಂಗಳಲ್ಲಿ ಬೇರೆ ಬೇರೆ ನಾಲ್ಕೈದು ತಾರೀಖಿಗೆ ಖಾತೆಯಲ್ಲಿ ಎಷ್ಟು ಉಳಿದಿತ್ತು ಎಂದು ಸರಾಸರಿ ತೆಗೆಯುತ್ತಾರೆ. ಒಂದು ಖಾತೆಯಿಂದ ತನ್ನದೇ ಇನ್ನೊಂದಕ್ಕೆ ಹಾಕಿಕೊಂಡ ಹಣವನ್ನು ಜಮೆಯ ಲೆಕ್ಕದಿಂದ ಹೊಡೆದುಹಾಕುತ್ತಾರೆ. ಚೆಕ್ಕು, ಕಂತು ವಾಪಸಾದದ್ದನ್ನು ಎಣಿಸುತ್ತಾರೆ. ಅರ್ಜಿ ಹಾಕುವ ತಿಂಗಳಲ್ಲಿ ಬಂದು ಬಿದ್ದ ಎರಡು ಲಕ್ಷ ನಗದು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ರಿಟರ್ನಿನಲ್ಲಿ 36 ಲಕ್ಷ ವಹಿವಾಟು ಎಂದಿದ್ದು ಖಾತೆಯಲ್ಲಿ ವರ್ಷಕ್ಕೆ ಹತ್ತು ಲಕ್ಷವೂ ಓಡಾಡಿಲ್ಲವಾದರೆ ಆ ರಿಟರ್ನಿಗೆ ಬೆಲೆಯಿಲ್ಲ. ಎರಡು ವರ್ಷದ ರಿಟರ್ನುಗಳ ಸ್ವೀಕೃತಿಯ ಮೇಲೆ ತಾರೀಖುಗಳು ತೀರಾ ಹತ್ತಿರವಿದ್ದರೆ, ಅಥವಾ ಮೂರು ಲಕ್ಷದ ಆದಾಯ ಮರುವರ್ಷವೇ ಎಂಟಕ್ಕೆ ಜಿಗಿದರೆ, ಅದು ಸಾಲಕ್ಕಾಗಿ ಮಾಡಿಸಿದ್ದು ಎಂದು ಅನುಭವಿ ಅಧಿಕಾರಿಗೆ ತಿಳಿಯುತ್ತದೆ. ಅವರು ಸರಾಸರಿಯನ್ನೋ ಕಡಿಮೆಯಿದ್ದ ವರ್ಷವನ್ನೋ ಹಿಡಿಯುತ್ತಾರೆ. ಹಳೆಯ ವರ್ಷಗಳಿಗೆ ಹೋಗಿ ತಿದ್ದುವುದೂ ಸುಲಭವಲ್ಲ. ತಡವಾದ ರಿಟರ್ನಿಗೆ ಡಿಸೆಂಬರ್ 31 ಕೊನೆ. ಅಪ್‌ಡೇಟೆಡ್ ರಿಟರ್ನ್ ಎಂಬ ದಾರಿಯಲ್ಲಿ ತೆರಿಗೆಯ ಮೇಲೆ ಶೇ 25ರಿಂದ 70ರವರೆಗೆ ಹೆಚ್ಚುವರಿ ತೆರಬೇಕು. ಹೀಗಾಗಿ ಮನೆ ಸಾಲದ ತಯಾರಿ ನಿವೇಶನ ಹುಡುಕುವ ಹೊತ್ತಿಗೆ ಶುರುವಾದರೆ ತಡವಾಯಿತು ಎಂದೇ ಅರ್ಥ.

ನಮ್ಮ ಕಡೆಯ ಸ್ಟೇಟ್‌ಮೆಂಟ್ ಬಡವಾಗಿ ಕಾಣಲು ಹಣವಿಲ್ಲದ್ದೊಂದೇ ಕಾರಣವಲ್ಲ. ಸಂಜೆ ಗಲ್ಲೆಯ ದುಡ್ಡಿನಲ್ಲಿ ಒಂದಿಷ್ಟು ಪಿಗ್ಮಿಯವನ ಕೈಗೆ ಹೋಗಿ ಸೊಸೈಟಿಯಲ್ಲಿ ಸೇರುತ್ತದೆ, ಒಂದಿಷ್ಟು ನೇರವಾಗಿ ಸರಕು ಕೊಟ್ಟವನಿಗೆ, ಉಳಿದದ್ದು ಮನೆಗೆ. ಗಡಿಯ ಊರುಗಳವರಿಗೆ ಮೀರಜ್, ಇಚಲಕರಂಜಿ, ಕೊಲ್ಹಾಪುರದಲ್ಲೂ ಒಂದು ಖಾತೆ ಇರುವುದುಂಟು. ಪಿಗ್ಮಿ ಪುಸ್ತಕದಲ್ಲಿ ಕಾಣುವುದು ಉಳಿತಾಯ. ವಹಿವಾಟು ಅದರಲ್ಲಿ ಕಾಣುವುದಿಲ್ಲ. ಹೀಗೆ ನಾಲ್ಕು ಕಡೆ ಚದುರಿದ ವ್ಯಾಪಾರವನ್ನು ಒಂದೇ ಚಾಲ್ತಿ ಖಾತೆಯ ಮೂಲಕ ಹಾಯಿಸಿ, ಗಲ್ಲೆಯ ನಗದನ್ನು ಮೊದಲು ಅಲ್ಲಿಗೆ ಕಟ್ಟಿ, ಖರೀದಿಯ ಹಣವನ್ನೂ ಪಿಗ್ಮಿಯ ಹಣವನ್ನೂ ಅಲ್ಲಿಂದಲೇ ಕೊಟ್ಟರೆ ಸಾಕ್ಷಿ ತಾನಾಗಿ ಹುಟ್ಟುತ್ತದೆ. ಇದಕ್ಕೆ ಹಿಡಿಯುವ ಕಾಲ ವರ್ಷವೊಂದು.

ಖಾತೆಗೆ ಕಟ್ಟಿದರೆ ನೋಟಿಸು ಬರುತ್ತದೆ ಎಂಬ ಭಯವೇ ಎಲ್ಲಕ್ಕಿಂತ ಬಲವಾದ ಆಕ್ಷೇಪ. ಅದನ್ನು ಸುಮ್ಮನೆ ತಳ್ಳಿಹಾಕಲಾಗದು. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಇಳಿದು ‘ನಗದು ಮಾತ್ರ’ ಎಂಬ ಬರಹ ಏರಿತ್ತು. ಆದರೆ ಆ ನೋಟಿಸುಗಳು ಹೋದದ್ದು ಜಿಎಸ್‌ಟಿ ನೋಂದಣಿಯ ಮಿತಿ ದಾಟಿಯೂ ನೋಂದಾಯಿಸದವರು ಎಂದು ಇಲಾಖೆಗೆ ಕಂಡವರಿಗೆ. ರಾಜ್ಯದೊಳಗೆ ಸರಕು ಮಾತ್ರ ಮಾರುವವನಿಗೆ ಆ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ. ನಮ್ಮ ಅಂಗಡಿಯವನು 36 ಲಕ್ಷದಲ್ಲಿದ್ದಾನೆ. ಹೊರರಾಜ್ಯಕ್ಕೆ ಸರಕು ಕಳಿಸಲು ತೊಡಗಿದರೆ ಅಥವಾ ರಿಪೇರಿಯನ್ನೂ ಸೇರಿಸಿಕೊಂಡರೆ ಮಾತ್ರ ಅವನ ಲೆಕ್ಕ ಬೇರೆ. ಉಳಿತಾಯ ಖಾತೆಗೆ ವರ್ಷಕ್ಕೆ ಹತ್ತು ಲಕ್ಷ, ಚಾಲ್ತಿ ಖಾತೆಗೆ ಐವತ್ತು ಲಕ್ಷ ಮುಟ್ಟುವಷ್ಟು ನಗದು ಕಟ್ಟಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ, ನಿಜ. ವರದಿಯಾದ ಮೊತ್ತವೂ ರಿಟರ್ನಿನ ವಹಿವಾಟೂ ತಾಳೆಯಾದರೆ ಉತ್ತರ ಕೊಡುವುದು ಕಷ್ಟವಲ್ಲ. ಕಷ್ಟವಾಗುವುದು ಖಾತೆಯಲ್ಲಿ ಮೂವತ್ತು ಲಕ್ಷ ಓಡಿಸಿ ರಿಟರ್ನಿನಲ್ಲಿ ಹನ್ನೆರಡು ಎಂದವನಿಗೆ.

ಇನ್ನೊಂದು ಮಾತು: ಬ್ಯಾಂಕಿನ ಗೊಡವೆಯೇಕೆ, ಮುಖ ನೋಡಿ ಸಾಲ ಕೊಡುವ ಸೊಸೈಟಿಗಳಿವೆ, ಅಂಗಡಿ ನೋಡಿ ಆದಾಯ ಅಂದಾಜು ಮಾಡುವ ಗೃಹಸಾಲ ಕಂಪನಿಗಳಿವೆ. ಇವೆ, ಮತ್ತು ಕಾಗದವೇ ಇಲ್ಲದವನಿಗೆ ಅವು ಆಸರೆಯೂ ಹೌದು. ಆದರೆ ಕಾಗದದ ಕೊರತೆಗೆ ಅವು ಬಡ್ಡಿಯಲ್ಲಿ ಬೆಲೆ ಕಟ್ಟುತ್ತವೆ. ಬಡ್ಡಿ ಶೇ 9ರ ಬದಲು 14 ಆದರೆ ಇಪ್ಪತ್ತು ವರ್ಷಕ್ಕೆ ಪ್ರತಿ ಲಕ್ಷದ ಕಂತು 900ರಿಂದ 1,240ಕ್ಕೆ ಏರುತ್ತದೆ. ಇಪ್ಪತ್ತೆರಡೂವರೆ ಲಕ್ಷದ ಮೇಲೆ ಇದು ತಿಂಗಳಿಗೆ ಏಳೂವರೆ ಸಾವಿರಕ್ಕೂ ಹೆಚ್ಚು, ವರ್ಷಕ್ಕೆ ತೊಂಬತ್ತು ಸಾವಿರದಷ್ಟು. ಕಟ್ಟಬೇಕಾಗಿಯೇ ಇರದಿದ್ದ ತೆರಿಗೆಗೆ ಹೆದರಿ ತೆತ್ತ ದಂಡ ಇದು.

ಬ್ಯಾಂಕಿನ ಪಾಲಿನ ತಪ್ಪಿಗೆ ಬರೋಣ. ಈ ಭಾಗದ ಹಣಕ್ಕೆ ಹಂಗಾಮಿದೆ, ಬ್ಯಾಂಕಿನ ನಮೂನೆಗೆ ಅದು ಗೊತ್ತಿಲ್ಲ. ಪಂಪ್‌ಸೆಟ್ ಅಂಗಡಿಯವನು ಬೇಸಿಗೆಯಲ್ಲಿ, ಮಳೆ ಕೈಕೊಟ್ಟಾಗ ಉದ್ರಿ ಕೊಡುತ್ತಾನೆ. ಕಬ್ಬು ಕಾರ್ಖಾನೆಗೆ ಹೋಗಿ ಬಿಲ್ಲು ಬಂದ ಮೇಲೆ ವಸೂಲಿ. ಕಬ್ಬು ಪೂರೈಸಿದ ಹದಿನಾಲ್ಕು ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಬಾಕಿ ಎಳೆದಾಡುವುದು ರೈತನಿಗೆ ಹೊಸದಲ್ಲ, ಅವನ ಬಾಕಿಯೇ ಅಂಗಡಿಯವನ ಬಾಕಿ. ಮೇಯಿಂದ ಅಕ್ಟೋಬರಿನವರೆಗಿನ ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿದ ಅಧಿಕಾರಿಗೆ ಈ ಮನುಷ್ಯ ಮುಳುಗುತ್ತಿದ್ದಾನೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಹನ್ನೆರಡು ತಿಂಗಳದ್ದನ್ನು ನೋಡಿದರೆ ಚಿತ್ರ ಪೂರಾ ಆಗುತ್ತದೆ. ಸ್ವಂತ ಕಬ್ಬೂ ಇರುವವನ ಮಟ್ಟಿಗೆ ಇನ್ನೊಂದು ತೊಡಕು: ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲವೆಂದು ಅದನ್ನು ರಿಟರ್ನಿನಲ್ಲಿ ಬರೆಯುವುದನ್ನೇ ಬಿಟ್ಟಿರುತ್ತಾರೆ. ಐಟಿಆರ್-4ರಲ್ಲಿ ಐದು ಸಾವಿರಕ್ಕಿಂತ ಹೆಚ್ಚಿನ ಕೃಷಿ ಆದಾಯ ತೋರಿಸಲು ಜಾಗವಿಲ್ಲ, ಐಟಿಆರ್-3 ತುಂಬಬೇಕು. ಕೆಲಸ ಹೆಚ್ಚೆಂದು ಸಲಹೆಗಾರನೂ ಸುಮ್ಮನಾಗುತ್ತಾನೆ. ಆಮೇಲೆ ಕಾರ್ಖಾನೆಯಿಂದ ಖಾತೆಗೆ ಬಂದ ಮೂರು ಲಕ್ಷಕ್ಕೆ ರಿಟರ್ನಿನಲ್ಲಿ ಹೆಸರೇ ಇರುವುದಿಲ್ಲ. ಉತಾರ, ಕಾರ್ಖಾನೆಯ ಬಿಲ್ಲು, ಖಾತೆಯ ಜಮೆ, ರಿಟರ್ನಿನ ನಮೂದು ಈ ನಾಲ್ಕೂ ಒಂದೇ ಮಾತು ಹೇಳಿದಾಗ ಆ ಹಣವನ್ನೂ ಆದಾಯದಲ್ಲಿ ಸೇರಿಸಿಕೊಳ್ಳಿ ಎಂದು ವಾದಿಸಲು ಬಲ ಬರುತ್ತದೆ. ಕಬ್ಬಿನ ಸೀಮೆಯ ಶಾಖೆಗಳು ವರ್ಷವಿಡೀ ಲೆಕ್ಕ ನೋಡುವುದನ್ನು ನಿಯಮವನ್ನಾಗಿ ಮಾಡಿಕೊಳ್ಳಬೇಕು. ಹಾಗೆ ಮಾಡದ ಶಾಖೆಗೆ ಒಂದು ವರ್ಷದ್ದನ್ನು ಸಾಲಗಾರನೇ ಮುಂದಾಗಿ ಕೊಡಬೇಕು.

ಎರಡು ವರ್ಷದ ನಂತರ ಮನೆ ಕಟ್ಟುವ ಯೋಚನೆ ಇರುವವರು ಈ ವರ್ಷದ ರಿಟರ್ನ್ ತುಂಬಿಸಲು ಹೋದಾಗ ಸಲಹೆಗಾರನಿಗೆ ‘ತೆರಿಗೆ ಬರದಂತೆ ಮಾಡಿ’ ಎಂದು ಹೇಳುವ ಮೊದಲು, ನಿಜವಾದ ಲಾಭ ಬರೆದರೆ ತೆರಿಗೆ ಎಷ್ಟಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿಸಿ ನೋಡಿ.