ಒಂದೇ ರಕ್ತ, ಎರಡು ಲ್ಯಾಬ್, ಎರಡು ಅಂಕಿ (ಲ್ಯಾಬ್ ಮಾತು, ಭಾಗ 7)

ಇವತ್ತು ನೇರವಾಗಿ ನನ್ನ ಅಭಿಪ್ರಾಯ ಹೇಳ್ತೀನಿ. ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್‌ಗೆ ಮಾತ್ರೆ ತಗೊಳ್ತಿರೋರ ಪಿಸಿಆರ್ ರಿಪೋರ್ಟ್‌ನಲ್ಲಿ ‘ಐಎಸ್’ ಅನ್ನೋ ಎರಡಕ್ಷರ ಇಲ್ಲದಿದ್ರೆ, ಆ ರಿಪೋರ್ಟ್ ಅರ್ಧ ರಿಪೋರ್ಟ್ ಅಷ್ಟೇ. ಅದನ್ನ ರೋಗಿ ಕೈಗೆ ಕೊಡಬಾರದು.

👉 ಎಣಿಸೋದು ಏನನ್ನ?
ಈ ರೋಗದಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಬಿಸಿಆರ್ ಮತ್ತು ಎಬಿಎಲ್ ಅನ್ನೋ ಎರಡು ಜೀನ್ ಅಂಟಿಕೊಂಡುಬಿಡುತ್ತವೆ. ಅಂಟಿದ ಜೀನ್‌ನಿಂದ ಬರೋ ಆರ್‌ಎನ್‌ಎ ಪ್ರತಿಗಳನ್ನ ಲ್ಯಾಬ್ ಎಣಿಸುತ್ತೆ. ಪಕ್ಕದಲ್ಲೇ ಎಬಿಎಲ್ ಪ್ರತಿಗಳನ್ನೂ ಎಣಿಸಿ ಶೇಕಡಾ ಲೆಕ್ಕ ಹಾಕುತ್ತೆ. 10,000 ಎಬಿಎಲ್‌ಗೆ 25 ಅಂಟಿದ ಪ್ರತಿ ಸಿಕ್ಕರೆ 0.25%.

ಆದರೆ ಪ್ರತಿ ಲ್ಯಾಬ್‌ನ ರಾಸಾಯನಿಕ, ಯಂತ್ರ, ಆರ್‌ಎನ್‌ಎ ತೆಗೆಯೋ ರೀತಿ ಬೇರೆ ಬೇರೆ. ನಮ್ಮ ಕಡೆ ಕಬ್ಬಿನ ಲೋಡ್ ಒಂದು ವೇಬ್ರಿಡ್ಜ್‌ನಲ್ಲಿ ಒಂದು ತೂಕ, ಇನ್ನೊಂದರಲ್ಲಿ ಇನ್ನೊಂದು ತೂಕ ತೋರಿಸಿದ್ರೆ ಜಗಳವೇ ಆಗುತ್ತೆ. ಇಲ್ಲೂ ಕಥೆ ಅದೇ, ಆದರೆ ಜಗಳ ಆಡೋರು ಯಾರೂ ಇಲ್ಲ.

👉 ಐಎಸ್ ಅಂದ್ರೆ?
ಇಂಟರ್‌ನ್ಯಾಷನಲ್ ಸ್ಕೇಲ್. ಇಮ್ಯಾಟಿನಿಬ್ ಮಾತ್ರೆಯನ್ನ ಪರೀಕ್ಷಿಸಿದ ಐರಿಸ್ ಅಧ್ಯಯನದ ಹೊತ್ತಲ್ಲಿ, ಚಿಕಿತ್ಸೆ ಶುರುವಾಗದ 30 ರೋಗಿಗಳ ಸರಾಸರಿ ಮಟ್ಟವನ್ನ 100% ಅಂತ ಇಟ್ಟುಕೊಂಡರು. ಅಲ್ಲಿಂದ ಸಾವಿರ ಪಟ್ಟು ಇಳಿದರೆ 0.1%. ಇದಕ್ಕೆ ಎಂಎಂಆರ್ ಅಂತಾರೆ. ಪ್ರತಿ ಲ್ಯಾಬ್ ತನ್ನ ಅಂಕಿಯನ್ನ ಈ ಅಳತೆಗೆ ತರೋಕೆ ಒಂದು ಪರಿವರ್ತನಾಂಕದಿಂದ ಗುಣಿಸಬೇಕು.

ಡಾಕ್ಟರ್ ನೋಡೋ ಗುರಿಗಳು ಐಎಸ್‌ನಲ್ಲೇ ಇವೆ: 3 ತಿಂಗಳಿಗೆ 10% ಒಳಗೆ, 6 ತಿಂಗಳಿಗೆ 1% ಒಳಗೆ, ವರ್ಷಕ್ಕೆ 0.1% ಒಳಗೆ.

👉 ಒಂದು ಲೆಕ್ಕ ಮಾಡೋಣ
ಹೊಸಹೊಳಲಿನ ಒಬ್ಬ ರೈತ ಅಂತ ಊಹಿಸಿಕೊಳ್ಳಿ. 12ನೇ ತಿಂಗಳು ಬೆಂಗಳೂರಿನ ಲ್ಯಾಬ್‌ನಲ್ಲಿ 0.25% ಬಂತು. ಆ ಲ್ಯಾಬ್‌ನ ಪರಿವರ್ತನಾಂಕ 0.4. ಗುಣಿಸಿದ್ರೆ 0.1% ಐಎಸ್, ಗುರಿ ಮುಟ್ಟಿದ್ದಾರೆ. 15ನೇ ತಿಂಗಳು ಹತ್ತಿರ ಅಂತ ಮೈಸೂರಲ್ಲಿ ಕೊಟ್ಟರು, 0.08% ಬಂತು. ಮನೇಲಿ ಖುಷಿ, ಮೂರನೇ ಒಂದು ಭಾಗಕ್ಕೆ ಇಳೀತಲ್ಲ ಅಂತ. ಈ ಲ್ಯಾಬ್‌ನ ಪರಿವರ್ತನಾಂಕ 1.6. ಗುಣಿಸಿ ನೋಡಿ: 0.128%. ಇಳಿದೇ ಇಲ್ಲ! 18ನೇ ತಿಂಗಳು ಮತ್ತೆ ಬೆಂಗಳೂರು, ಮತ್ತೆ 0.25%. ಈಗ ಮೂರು ಪಟ್ಟು ಏರಿತು ಅಂತ ಗಾಬರಿ. ನಿಜದಲ್ಲಿ ಏನೂ ಬದಲಾಗಿಲ್ಲ, 0.1 ಮತ್ತು 0.128ರ ನಡುವಿನ ವ್ಯತ್ಯಾಸ ಪರೀಕ್ಷೆಯ ಸಹಜ ಏರಿಳಿತ.

ಏರಿಕೆ ನಿಜವಾಗಿದ್ರೆ ಡಾಕ್ಟರ್ ಮೊದಲು ಕೇಳೋದು ಮಾತ್ರೆ ತಪ್ಪಿಸಿದ್ರಾ ಅಂತ. ಆಮೇಲೆ ಜೀನ್‌ನ ರೂಪಾಂತರ ಪರೀಕ್ಷೆ, ಬೇಕಾದ್ರೆ ಬೇರೆ ಔಷಧ. ಸುಳ್ಳು ಏರಿಕೆ ಇದೆಲ್ಲವನ್ನೂ ಸುಮ್ಮನೆ ಶುರು ಮಾಡಿಸುತ್ತೆ. ಸುಳ್ಳು ಇಳಿಕೆ ಇನ್ನೂ ಕೆಟ್ಟದ್ದು, ಬೇಕಾದದ್ದನ್ನ ತಡ ಮಾಡಿಸುತ್ತೆ.

👉 ‘ಪತ್ತೆಯಾಗಿಲ್ಲ’ ಅಂದ್ರೆ ಖುಷಿಪಡಬಹುದಾ?
ಮೊದಲು ಎಬಿಎಲ್ ಎಷ್ಟಿದೆ ನೋಡಿ. ಆರ್‌ಎನ್‌ಎ ಬಲು ಬೇಗ ಹಾಳಾಗುತ್ತೆ. ರಕ್ತ ಒಂದೆರಡು ದಿನದೊಳಗೆ ಲ್ಯಾಬ್ ಸೇರಲೇಬೇಕು. ತಡವಾಗಿ ಹೋಗಿ ಎಬಿಎಲ್ ಬರೀ 2,000 ಸಿಕ್ಕಿದೆ ಅಂದುಕೊಳ್ಳಿ. ರೋಗ 0.03% ಇದ್ದರೂ ಅಷ್ಟರಲ್ಲಿ ಒಂದು ಪ್ರತಿಯೂ ಸಿಗದೇ ಹೋಗಬಹುದು. ರೋಗ ಇಲ್ಲ ಅಂತಲ್ಲ, ಹುಡುಕೋಕೆ ಸ್ಯಾಂಪಲ್ ಸಾಲಲಿಲ್ಲ ಅಂತ. 0.01%ಗಿಂತ ಕೆಳಗಿದೆ ಅನ್ನೋಕೆ ಕನಿಷ್ಠ 10,000 ಎಬಿಎಲ್ ಬೇಕು.

👉 ‘ಒಂದೇ ಲ್ಯಾಬ್‌ಗೆ ಹೋಗಿ’ ಅಂದ್ರೆ ಸಾಕಾ?
ಸಲಹೆ ಸರಿಯೇ. ಆದರೆ ಕೆ.ಆರ್. ಪೇಟೆಯಿಂದ ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರೋದು ಅಂದ್ರೆ ಬಸ್ ಖರ್ಚಿನ ಜೊತೆ ಒಂದು ದಿನದ ಕೂಲಿಯೂ ಹೋಯ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಗ್ಲಿವೆಕ್ ಪೇಟೆಂಟ್ ಅರ್ಜಿ ತಳ್ಳಿಹಾಕಿದ್ದರಿಂದ ಇಮ್ಯಾಟಿನಿಬ್‌ನ ಅಗ್ಗದ ಮಾತ್ರೆಗಳಿಗೆ ದಾರಿ ಉಳಿಯಿತು. ಮಾತ್ರೆ ಕೆಲಸ ಮಾಡ್ತಿದೆಯಾ ಅಂತ ನೋಡೋ ಪರೀಕ್ಷೆ ಮಾತ್ರ ಇನ್ನೂ ದೂರ.

ಟಿಬಿಗೆ ಬಳಸೋ ಜೀನ್‌ಎಕ್ಸ್‌ಪರ್ಟ್ ಯಂತ್ರ ಗೊತ್ತಲ್ಲ? ಅದರಲ್ಲೇ ಓಡೋ ಬಿಸಿಆರ್-ಎಬಿಎಲ್ ಕಾರ್ಟ್ರಿಡ್ಜ್ ಇದೆ, ಉತ್ತರ ನೇರ ಐಎಸ್‌ನಲ್ಲೇ ಬರುತ್ತೆ. ಜಿಲ್ಲಾ ಮಟ್ಟದಲ್ಲೇ ಇದು ಸಿಗಬೇಕು ಅನ್ನೋದು ನನ್ನ ವಾದ. ಒಂದು ಮಿತಿ ಇದೆ: ಅದು ಪಿ210 ಅನ್ನೋ ಸಾಮಾನ್ಯ ಬಗೆಯನ್ನ ಮಾತ್ರ ಹಿಡಿಯುತ್ತೆ. ಹಾಗಾಗಿ ರೋಗ ಪತ್ತೆಯಾದಾಗಿನ ಮೊದಲ ಪರೀಕ್ಷೆ, ಯಾವ ಬಗೆ ಅಂತ ಗುರುತಿಸೋದು, ಕಿದ್ವಾಯಿಯಂಥ ದೊಡ್ಡ ಕೇಂದ್ರದಲ್ಲೇ ಆಗಲಿ. ಮೂರು ತಿಂಗಳಿಗೊಮ್ಮೆ ಎಣಿಸೋದು ಮಂಡ್ಯದಲ್ಲೇ ಆಗಲಿ.

ಅಲ್ಲಿವರೆಗೆ, ಮನೆಯವರ ರಿಪೋರ್ಟ್ ಕೈಗೆ ಬಂದ್ರೆ ಮೂರು ನೋಡಿ: ಐಎಸ್ ಇದೆಯಾ, ಎಬಿಎಲ್ ಪ್ರತಿ ಎಷ್ಟು, ಕಳೆದ ಸಲದ್ದೇ ಲ್ಯಾಬಾ. ಇಲ್ಲ ಅಂದ್ರೆ ಲ್ಯಾಬ್‌ನವರನ್ನೇ ಕೇಳಿ. ಡಾಕ್ಟರನ್ನ ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಮುಂದಿನ ಭಾಗದಲ್ಲಿ: ಮಾತ್ರೆ ನಿಲ್ಲಿಸಬಹುದಾದ ಹಂತ ಯಾವುದು?

#ಲ್ಯಾಬ್‌ಮಾತು #ಸಿಎಂಎಲ್ #ಹೊಸಹೊಳಲು #ಮಂಡ್ಯ