ಇಬ್ಬರು ಹಿರಿಯರ ಜಗಳ: ಎತ್ತಂಗಡಿ ಮಾಡಿದರೆ ಮುಗಿಯುತ್ತದೆಯೇ?

‘ಒಂದೇ ಒರೆಯಲ್ಲಿ ಎರಡು ಕತ್ತಿ ಇರಲ್ಲ, ಒಬ್ಬರನ್ನು ಎತ್ತಂಗಡಿ ಮಾಡಿ.’ ಕಚೇರಿಯಲ್ಲಿ ಇಬ್ಬರು ಹಿರಿಯರು ಕಿತ್ತಾಡಿದಾಗ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಇದು ಎಷ್ಟು ನಿಜ?

ಮೈಸೂರಿನಲ್ಲಿ ಆಗಿದ್ದೇನು?

2021ರ ಜೂನ್ 3. ಕೋವಿಡ್ ಎರಡನೇ ಅಲೆಯ ಸಮಯ. ಮೈಸೂರು ಮಹಾನಗರ ಪಾಲಿಕೆ ಆಯುಕ್ತೆ ಶಿಲ್ಪಾ ನಾಗ್, ಜಿಲ್ಲಾಧಿಕಾರಿ ರೋಹಿಣಿ ಸಿಂಧೂರಿ ಅವರಿಂದ ಕಿರುಕುಳ ಆಗುತ್ತಿದೆ ಎಂದು ಆರೋಪಿಸಿ ರಾಜೀನಾಮೆ ಘೋಷಿಸಿದರು. ಜಿಲ್ಲಾಧಿಕಾರಿ ಅದನ್ನು ಅಲ್ಲಗಳೆದರು. ತಾವು ಕೇಳಿದ್ದು ಕಂಪನಿಗಳ ಸಿಎಸ್ಆರ್ ಹಣದ ಲೆಕ್ಕ ಮತ್ತು ವಾರ್ಡ್‌ವಾರು ಕೋವಿಡ್ ಅಂಕಿಅಂಶ ಎಂದರು. ಎರಡೇ ದಿನದಲ್ಲಿ ಸರ್ಕಾರ ಇಬ್ಬರನ್ನೂ ವರ್ಗ ಮಾಡಿತು.

ಯಾರು ಸರಿ ಎಂಬುದು ಈ ಲೇಖನದ ವಿಷಯವಲ್ಲ. ಇಬ್ಬರ ಕುರ್ಚಿಗಳನ್ನು ನೋಡಿ. ಪಾಲಿಕೆ ಆಯುಕ್ತರ ಅಧಿಕಾರ ಬರುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಿಂದ. ಜಿಲ್ಲಾಧಿಕಾರಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ಅಂದರೆ ಒಂದೇ ನಗರದ ಒಂದೇ ಕೆಲಸದ ಮೇಲೆ ಎರಡು ಕಾಯ್ದೆಗಳ ಅಧಿಕಾರ. ಅಧಿಕಾರಿಗಳು ಬದಲಾದರೂ ಕುರ್ಚಿಗಳ ನಡುವಿನ ಈ ಅತಿಕ್ರಮಣ ಅಲ್ಲೇ ಇರುತ್ತದೆ. ವರ್ಗಾವಣೆ ಮಾತಿನ ಚಕಮಕಿಯನ್ನು ನಿಲ್ಲಿಸುತ್ತದೆ, ಯಾರ ಮಾತು ಎಲ್ಲಿಯವರೆಗೆ ಎಂಬುದನ್ನು ತೀರ್ಮಾನಿಸುವುದಿಲ್ಲ.

ಜಗಳ ಯಾವುದರ ಬಗ್ಗೆ?

1990ರ ದಶಕದಲ್ಲಿ ಸಂಶೋಧಕಿ ಕ್ಯಾರನ್ ಜೆನ್ ಕೆಲಸದ ಜಾಗದ ಜಗಳಗಳನ್ನು ಮೂರಾಗಿ ವಿಂಗಡಿಸಿದರು. ಒಂದು, ಏನು ಮಾಡಬೇಕು ಎಂಬ ಭಿನ್ನಾಭಿಪ್ರಾಯ. ಎರಡು, ಯಾರು, ಹೇಗೆ ಮಾಡಬೇಕು ಎಂಬ ತಕರಾರು. ಮೂರು, ‘ನಿನ್ನ ಮುಖ ಕಂಡರೆ ಆಗಲ್ಲ’ ಎಂಬ ವೈಯಕ್ತಿಕ ವೈಮನಸ್ಯ. ಹೊರಗಿನವರಿಗೆ ಕಾಣುವುದು ಹೆಚ್ಚಾಗಿ ಮೂರನೆಯದು. ಆದರೆ ಎಷ್ಟೋ ಸಲ ಅದರ ಬೇರು ಎರಡನೆಯದರಲ್ಲಿ ಇರುತ್ತದೆ.

ಹಾಲಿನ ಡೈರಿಯ ಉದಾಹರಣೆ

ಬಾಗೂರಿನಂಥ ಹೋಬಳಿಯ ಒಂದು ಹಾಲು ಉತ್ಪಾದಕರ ಸಂಘವನ್ನು ಕಲ್ಪಿಸಿಕೊಳ್ಳಿ. ಕಾರ್ಯದರ್ಶಿಗೂ ಹಾಲು ಪರೀಕ್ಷಕರಿಗೂ ಮಾತಿಲ್ಲ. ‘ಲಾರಿ ಬರೋ ಹೊತ್ತಾಯ್ತು, ಬೇಗ ಅಳತೆ ಹಾಕು’ ಎಂದು ಕಾರ್ಯದರ್ಶಿ. ‘ಸ್ಯಾಂಪಲ್ ತೆಗೆಯದೆ ಕ್ಯಾನಿಗೆ ಸುರೀಬೇಡ’ ಎಂದು ಪರೀಕ್ಷಕ. ನಡುವೆ ಸಿಕ್ಕ ಸಹಾಯಕ ಹುಡುಗ ಇಬ್ಬರಿಂದಲೂ ಬೈಸಿಕೊಳ್ಳುತ್ತಾನೆ. ಫ್ಯಾಟ್ ಕಡಿಮೆ ಬಂದವರು ‘ಅವರ ಜಗಳಕ್ಕೆ ನಮ್ಮ ದುಡ್ಡು ಹೋಯ್ತು’ ಎನ್ನುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬಂತೆ.

ಇಲ್ಲಿ ಸಂಘದ ಅಧ್ಯಕ್ಷರು ಇಬ್ಬರನ್ನೂ ಮೊದಲೇ ಎದುರುಬದುರು ಕೂರಿಸಿದರೆ ಹಳೆಯದೆಲ್ಲ ಕೆದಕಿ ಜಗಳ ಹೆಚ್ಚಬಹುದು. ಅದರ ಬದಲು ಇಬ್ಬರ ಬಳಿಯೂ ಬೇರೆ ಬೇರೆಯಾಗಿ ಒಂದೇ ಪ್ರಶ್ನೆಗಳನ್ನು ಕೇಳಬೇಕು: ಕಳೆದ ಎರಡು ವಾರದಲ್ಲಿ ಯಾವ ದಿನ, ಯಾವ ಕೆಲಸದಲ್ಲಿ ತೊಂದರೆಯಾಯಿತು? ಆಗ ಯಾರ ಮಾತು ನಡೆಯಬೇಕಿತ್ತು? ‘ಅವನು ಯಾವಾಗಲೂ ಹಾಗೇ’ ಎಂಬ ಉತ್ತರ ಸಾಲದು, ದಿನಾಂಕ ಬೇಕು. ಸಹಾಯಕನನ್ನೂ ಕೇಳಬೇಕು, ಆದರೆ ಸಾಕ್ಷಿ ಹೇಳಿಸಲು ಅಲ್ಲ. ‘ಯಾವ ಕೆಲಸದಲ್ಲಿ ನಿನಗೆ ಎರಡು ಆದೇಶ ಬರುತ್ತೆ?’ ಎಂಬುದಷ್ಟೇ ಸಾಕು.

ಉತ್ತರಗಳನ್ನು ಒಟ್ಟಿಗೆ ಇಟ್ಟರೆ ಜಗಳದ ಜಾಗ ಕಾಣುತ್ತದೆ: ಲಾರಿ ಬರುವ ಮುಂಚಿನ ಅರ್ಧ ಗಂಟೆ. ಇನ್ನು ಇಬ್ಬರನ್ನೂ ಕೂರಿಸಿ ಆ ಅರ್ಧ ಗಂಟೆಯ ಬಗ್ಗೆ ಮಾತ್ರ ತೀರ್ಮಾನಿಸಬಹುದು. ಸ್ಯಾಂಪಲ್ ಮತ್ತು ಫ್ಯಾಟ್ ವಿಚಾರದಲ್ಲಿ ಪರೀಕ್ಷಕರ ಮಾತೇ ಕೊನೆ. ಹಾಲು ತೆಗೆದುಕೊಳ್ಳಲು ಶುರು ಮಾಡುವ ಮತ್ತು ನಿಲ್ಲಿಸುವ ಸಮಯ ಕಾರ್ಯದರ್ಶಿಯದು. ಲಾರಿ ಹೋಗುವವರೆಗೆ ಸಹಾಯಕ ಪರೀಕ್ಷಕರ ಕೈಕೆಳಗೆ, ಆಮೇಲೆ ಕಾರ್ಯದರ್ಶಿಯ ಕೈಕೆಳಗೆ. ಫ್ಯಾಟ್ ಬಗ್ಗೆ ಸದಸ್ಯರು ತಕರಾರು ತೆಗೆದರೆ ಅದೇ ಸ್ಯಾಂಪಲ್ಲನ್ನು ಆಗಲೇ ಅವರ ಎದುರಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಇದನ್ನು ಬರೆದು, ಸಹಿ ಹಾಕಿಸಿ, ಹುಡುಗನಿಗೂ ತಿಳಿಸಬೇಕು.

ಫಲ ಸಿಕ್ಕಿದೆ ಎಂದು ತಿಳಿಯುವುದು ಹೇಗೆ?

ಇಬ್ಬರೂ ಒಟ್ಟಿಗೆ ಕಾಫಿ ಕುಡಿದರೇ ಎಂದು ನೋಡಬೇಡಿ. ಎರಡು ವಾರದ ನಂತರ ಸಹಾಯಕ ಒಂದೇ ವಿಷಯವನ್ನು ಇಬ್ಬರ ಬಳಿಯೂ ಕೇಳುವುದು ನಿಂತಿದೆಯೇ, ಸದಸ್ಯರ ತಕರಾರು ಕಡಿಮೆಯಾಗಿದೆಯೇ ನೋಡಿ. ಸ್ನೇಹ ಬೆಳೆಯದಿದ್ದರೂ ಕೆಲಸ ನಡೆಯಬಹುದು. ಗೆರೆ ಸ್ಪಷ್ಟವಾದ ಮೇಲೂ ಒಬ್ಬರು ಬೇಕಂತಲೇ ದಾಟುತ್ತಿದ್ದರೆ, ಆಗ ಶಿಸ್ತು ಕ್ರಮ ಅಥವಾ ವರ್ಗಾವಣೆಗೆ ಅರ್ಥವಿದೆ.

ರಾಜಿ ಎಲ್ಲಿ ಸಲ್ಲದು?

ಹಣ ದುರುಪಯೋಗದ ಆರೋಪವಿದ್ದರೆ ಬೇಕಾದದ್ದು ಲೆಕ್ಕ ತಪಾಸಣೆ, ರಾಜಿಯಲ್ಲ. ಲೈಂಗಿಕ ಕಿರುಕುಳದ ದೂರಿದ್ದರೆ 2013ರ ಕಾಯ್ದೆಯ ಪ್ರಕಾರ ಅದು ಸಮಿತಿಯ ಮುಂದೆ ಹೋಗಬೇಕು. ನೊಂದ ಮಹಿಳೆ ತಾನೇ ಕೋರಿದರೆ ಮಾತ್ರ ರಾಜಿ ಸಾಧ್ಯ, ಅದೂ ಹಣದ ಆಧಾರದ ಮೇಲೆ ಅಲ್ಲ. ‘ಇಬ್ಬರೂ ಹೊಂದಿಕೊಂಡು ಹೋಗಿ’ ಎನ್ನುವ ಮೊದಲು ಇದು ಜಗಳವೋ, ಒಬ್ಬರ ಮೇಲೆ ಇನ್ನೊಬ್ಬರ ದೌರ್ಜನ್ಯವೋ ಎಂದು ನೋಡಲೇಬೇಕು.

ಒಟ್ಟಿನಲ್ಲಿ: ‘ಎತ್ತಂಗಡಿ ಮಾಡಿದರೆ ಜಗಳ ಮುಗಿಯುತ್ತದೆ’ ಎಂಬುದು ಅರ್ಧ ಸತ್ಯ. ಕೆಲಸದ ಗೆರೆ ಎಳೆಯದೆ ಆಳನ್ನು ಬದಲಿಸಿದರೆ, ಅದೇ ಜಗಳ ಹೊಸ ಹೆಸರುಗಳಲ್ಲಿ ಮತ್ತೆ ಶುರುವಾಗಬಹುದು.